ಘಟಕಕ್ಕೊಬ್ಬ ಪಂಡಿತ

ಲೆಕ್ಕವೇನೋ ಬಹಳ ಸೊಗಸಾಗಿತ್ತು. ಜೀವಶಾಸ್ತ್ರದ ಪತ್ರಿಕೆಯಲ್ಲಿ ಐದು ಘಟಕಗಳು, ಗುಂಪಿನಲ್ಲಿ ಐದು ಮಂದಿ. ಒಬ್ಬೊಬ್ಬರು ಒಂದೊಂದು ಘಟಕವನ್ನು ವಹಿಸಿಕೊಂಡು ಅದರ ಮೇಲೆ ಹತ್ತು ಬಹು ಆಯ್ಕೆಯ ಪ್ರಶ್ನೆಗಳನ್ನು ಬರೆದು ತಂದರೆ ಒಟ್ಟು ಐವತ್ತು ಪ್ರಶ್ನೆಗಳು. ಹತ್ತು ಬರೆಯುವ ಶ್ರಮಕ್ಕೆ ಐವತ್ತು ಬಿಡಿಸುವ ಫಲ. ಈ ಯೋಜನೆಯಲ್ಲಿ ನಷ್ಟವಾಗುವುದು ಹೇಗೆಂದು ಕೇಳುವ ಧೈರ್ಯ ಯಾರಿಗೂ ಬರಲಿಲ್ಲ, ಏಕೆಂದರೆ ಗುಣಾಕಾರ ಅಷ್ಟು ಸರಿಯಾಗಿತ್ತು. ಒಂದು ಘಟಕವನ್ನು ವಹಿಸಿಕೊಂಡವನು ಉಳಿದ ನಾಲ್ಕನ್ನೂ ಓದಿಕೊಂಡು ಬರಬೇಕೆಂದು ಮಾತ್ರ ಯೋಜನೆಯ ಹಾಳೆಯಲ್ಲಿ ಎಲ್ಲಿಯೂ ಬರೆದಿರಲಿಲ್ಲ. ಬರೆದಿಟ್ಟ ನಿಯಮವನ್ನೇ ಅರ್ಧ ಪಾಲಿಸುವ ವಿದ್ಯಾರ್ಥಿಗಳು ಬರೆಯದ ನಿಯಮವನ್ನು ಪಾಲಿಸಿಯಾರೆಂದು ನಂಬುವುದಕ್ಕೆ ವಿಶೇಷವಾದ ಮುಗ್ಧತೆ ಬೇಕು, ಅದು ನಮ್ಮಲ್ಲಿ ಧಾರಾಳವಾಗಿತ್ತು.

ಹೀಗಾಗಿ ಸೇರಿದ ದಿನ ನಮ್ಮ ನಡುವೆ ಐವರು ಪಂಡಿತರೂ ಅದೇ ಐವರು ಪಾಮರರೂ ಇದ್ದರು. ಜೀವಕೋಶವನ್ನು ವಹಿಸಿಕೊಂಡವನು ಪೊರೆಯಿಂದ ಹೊರಗೆ ಕಾಲಿಟ್ಟಿರಲಿಲ್ಲ. ಅನುವಂಶೀಯತೆಯನ್ನು ಹಿಡಿದಿದ್ದವಳಿಗೆ ಬಟಾಣಿ ಗಿಡದ ಎತ್ತರ ಗೊತ್ತಿತ್ತೇ ಹೊರತು ಅದು ಆಹಾರವನ್ನು ಹೇಗೆ ತಯಾರಿಸುತ್ತದೆಂಬುದು ಮೂರನೆಯವನ ಜವಾಬ್ದಾರಿಯಾಗಿತ್ತು. ನಾಲ್ಕನೆಯವನಿಗೆ ಮಾನವ ಶರೀರ, ನನಗೆ ಪರಿಸರ. ಆ ದಿನ ನಾವು ಒಬ್ಬರನ್ನೊಬ್ಬರು ಘಟಕದ ಸಂಖ್ಯೆಯಿಂದಲೇ ಕರೆಯತೊಡಗಿದ್ದರಿಂದ ಇಲ್ಲಿಯೂ ಹಾಗೆಯೇ ಕರೆಯುತ್ತೇನೆ. ಹೆಸರು ಹೇಳಿ ಸ್ನೇಹ ಕೆಡಿಸಿಕೊಳ್ಳುವುದಕ್ಕಿಂತ ಇದು ಕ್ಷೇಮ.

ಮೊದಲನೆಯವನ ಹತ್ತು ಪ್ರಶ್ನೆಗಳನ್ನು ನಾಲ್ಕನೆಯವನು ಜೀವಕೋಶದ ಬಗ್ಗೆ ಒಂದಕ್ಷರವನ್ನೂ ಓದದೆ ಎದುರಿಸಿ ಒಂಬತ್ತನ್ನು ಸರಿ ಮಾಡಿದನು. ತಪ್ಪಿದ ಒಂದೇ ಒಂದು ಪ್ರಶ್ನೆ ಅವನು ನಿಜವಾಗಿ ಯೋಚಿಸಿ ಉತ್ತರಿಸಿದ್ದು. ಮಿಕ್ಕ ಒಂಬತ್ತರ ರಹಸ್ಯವನ್ನು ಅವನು ಬಹಳ ಬಿಗುಮಾನದಿಂದ ಬಿಚ್ಚಿಟ್ಟನು. ಜೀವಕೋಶದ ಪೊರೆಯ ಮುಖ್ಯ ಕೆಲಸವೇನು ಎಂಬ ಪ್ರಶ್ನೆಗೆ ಎ ಆಯ್ಕೆ ‘ಪ್ರೋಟೀನ್ ತಯಾರಿ’, ಬಿ ‘ಆಹಾರ ಸಂಗ್ರಹ’, ಡಿ ‘ಕೋಶ ವಿಭಜನೆ’. ಸಿ ಆಯ್ಕೆ ಮಾತ್ರ ‘ಕೆಲವು ವಸ್ತುಗಳನ್ನು ಒಳಗೂ ಹೊರಗೂ ಹೋಗಲು ಬಿಟ್ಟು, ಬೇರೆ ಕೆಲವನ್ನು ತಡೆದು, ಕೋಶದ ಒಳಗಿನ ಸ್ಥಿತಿಯನ್ನು ಕಾಯ್ದುಕೊಳ್ಳುವುದು’. “ಮಿಕ್ಕ ಮೂರಕ್ಕೂ ಎರಡೆರಡೇ ಪದ ಖರ್ಚು ಮಾಡಿ, ಇದೊಂದಕ್ಕೆ ಇಷ್ಟು ಉದ್ದ ಬರೆದಿದ್ದೀಯಲ್ಲ ಮಾರಾಯ, ಇನ್ನೇನು ನೋಡಬೇಕು?” ಎಂದು ಅವನು ಕೇಳಿದಾಗ ಮೊದಲನೆಯವನ ಬಳಿ ಉತ್ತರವಿರಲಿಲ್ಲ.

ಇದು ಅವನೊಬ್ಬನ ದೌರ್ಬಲ್ಯವೇನಲ್ಲ. ಪ್ರಶ್ನೆ ಬರೆಯುವವನಿಗೆ ಸರಿಯುತ್ತರ ಸರಿಯಾಗಿಯೇ ಇರಬೇಕೆಂಬ ಭಯವಿರುತ್ತದೆ. ನಾಳೆ ಯಾರಾದರೂ ತಕರಾರು ತೆಗೆದಾರೆಂದು ಅದಕ್ಕೆ ‘ಸಾಮಾನ್ಯವಾಗಿ’, ‘ಕೆಲವು’, ‘ಮುಖ್ಯವಾಗಿ’ ಎಂಬ ಕಾವಲುಗಾರರನ್ನು ಒಬ್ಬೊಬ್ಬರನ್ನಾಗಿ ನೇಮಿಸುತ್ತ ಹೋಗುತ್ತಾನೆ. ತಪ್ಪು ಉತ್ತರಗಳ ಮೇಲೆ ಯಾರೂ ತಕರಾರು ತೆಗೆಯುವುದಿಲ್ಲವಾದ್ದರಿಂದ ಅವು ಬರಿಮೈಯಲ್ಲಿ ನಿಂತಿರುತ್ತವೆ. ಇನ್ನು ಸ್ಥಾನದ ವಿಷಯ. ಸರಿಯುತ್ತರವನ್ನು ಎ ಎಂದು ಕೊಟ್ಟರೆ ತೀರ ಬಯಲಿಗಿಟ್ಟಂತೆ, ಡಿ ಎಂದು ಕೊಟ್ಟರೆ ಅಂಚಿಗೆ ತಳ್ಳಿದಂತೆ ಅನ್ನಿಸಿ, ಬಚ್ಚಿಡುವ ಕೈ ತಾನಾಗಿ ನಡುವಿಗೆ ಹೋಗುತ್ತದೆ. ಪ್ರಶ್ನೆ ಬರೆಯುವವರು ಸರಿಯುತ್ತರವನ್ನು ನಡುವಿನ ಸ್ಥಾನಗಳಲ್ಲಿಡುವುದೂ ಉತ್ತರ ತಿಳಿಯದವರು ಊಹಿಸುವಾಗ ಅಲ್ಲಿಯೇ ಹುಡುಕುವುದೂ ಹೆಚ್ಚೆಂಬುದನ್ನು ಅಟಾಲಿ ಮತ್ತು ಬಾರ್-ಹಿಲ್ಲೆಲ್ ಎಂಬ ಸಂಶೋಧಕರು 2003ರಲ್ಲಿ ತೋರಿಸಿದ್ದಾರೆ. ಅಂದರೆ ಬಚ್ಚಿಡುವವನೂ ಹುಡುಕುವವನೂ ಒಂದೇ ಬುದ್ಧಿಯವರು, ನಡುವೆ ಜೀವಶಾಸ್ತ್ರಕ್ಕೆ ಕೆಲಸವೇ ಇಲ್ಲ.

ಇದಕ್ಕೆ ನಾವು ಕಂಡುಕೊಂಡ ಪರಿಹಾರ ಸರಳವಾಗಿತ್ತು. ನಾಲ್ಕು ಆಯ್ಕೆಗಳನ್ನೂ ವರ್ಣಮಾಲೆಯ ಕ್ರಮದಲ್ಲಿ, ಸಂಖ್ಯೆಗಳಾದರೆ ಏರಿಕೆಯ ಕ್ರಮದಲ್ಲಿ ಬರೆಯುವುದು. ಆಗ ಉತ್ತರ ಎಲ್ಲಿ ಬೀಳಬೇಕೆಂಬುದನ್ನು ಬರೆಯುವವನ ಕೈ ನಿರ್ಧರಿಸುವುದಿಲ್ಲ. ಉದ್ದದ ವಿಷಯಕ್ಕೆ ಮಾತ್ರ ಇಂಥ ಯಂತ್ರೋಪಾಯವಿಲ್ಲ. ಸರಿಯುತ್ತರವನ್ನು ಕತ್ತರಿಸಬೇಕು, ಇಲ್ಲವೇ ತಪ್ಪು ಉತ್ತರಗಳಿಗೂ ಅಷ್ಟೇ ಮರ್ಯಾದೆಯಿಂದ ಬಟ್ಟೆ ತೊಡಿಸಬೇಕು. ಎರಡನೆಯ ಕೆಲಸ ಎಷ್ಟು ಕಷ್ಟವೆಂಬುದು ಮಾಡಿದವರಿಗೇ ಗೊತ್ತು: ನಂಬಬಹುದಾದ ಸುಳ್ಳನ್ನು ಹೇಳಲು ಸತ್ಯ ಚೆನ್ನಾಗಿ ತಿಳಿದಿರಬೇಕು.

ಎರಡನೆಯವಳ ಪಟ್ಟಿಯ ಮೂರನೆಯ ಪ್ರಶ್ನೆಯ ಬಳಿ ನಮ್ಮ ಸಭೆ ಸಿಕ್ಕಿಕೊಂಡಿತು. ಪ್ರಶ್ನೆ ಹೀಗಿತ್ತು: ಒಂದು ಎತ್ತರದ ಬಟಾಣಿ ಗಿಡವನ್ನು ಒಂದು ಗಿಡ್ಡ ಬಟಾಣಿ ಗಿಡದೊಡನೆ ಸಂಕರಿಸಿದರೆ ಮುಂದಿನ ಪೀಳಿಗೆಯಲ್ಲಿ ಶೇಕಡ ಎಷ್ಟು ಗಿಡಗಳು ಎತ್ತರವಾಗಿರುತ್ತವೆ? ಆಯ್ಕೆಗಳು 0, 50, 75 ಮತ್ತು 100. ನೋಡಲು ಇದಕ್ಕಿಂತ ನಿರಪರಾಧಿಯಾದ ಪ್ರಶ್ನೆ ಇನ್ನೊಂದಿರಲಾರದು. ಮೊದಲನೆಯವನು 100 ಎಂದನು, ನಾನು 50 ಎಂದೆನು, ಮೂರನೆಯವನು ಬಹಳ ಆತ್ಮವಿಶ್ವಾಸದಿಂದ 75 ಎಂದನು. ಎರಡನೆಯವಳು ತನ್ನ ಹಾಳೆಯನ್ನು ಎದೆಗೆ ಅವಚಿಕೊಂಡು, “ಉತ್ತರ 100, ಪುಸ್ತಕದಲ್ಲಿ ಹಾಗೆಯೇ ಇದೆ” ಎಂದು ತೀರ್ಪು ಕೊಟ್ಟಳು. ಪುಸ್ತಕದಲ್ಲಿ ಇದ್ದದ್ದು ಶುದ್ಧ ತಳಿಯ ಎತ್ತರದ ಗಿಡ. ಪುಸ್ತಕದಿಂದ ಹಾಳೆಗೆ ಬರುವ ದಾರಿಯಲ್ಲಿ ‘ಶುದ್ಧ ತಳಿಯ’ ಎಂಬ ಎರಡು ಪದಗಳು ಬಿದ್ದುಹೋಗಿದ್ದವು.

ಆ ಎರಡು ಪದಗಳ ಬೆಲೆ ಏನೆಂದು ನೋಡಿ. ಎತ್ತರಕ್ಕೆ ಕಾರಣವಾದ ಪ್ರಬಲ ಅಂಶವನ್ನು T ಎಂದೂ ಗಿಡ್ಡತನಕ್ಕೆ ಕಾರಣವಾದ ದುರ್ಬಲ ಅಂಶವನ್ನು t ಎಂದೂ ಬರೆಯುವುದು ರೂಢಿ. ಒಂದು T ಇದ್ದರೂ ಗಿಡ ಎತ್ತರವಾಗಿಯೇ ಬೆಳೆಯುವುದರಿಂದ ಎತ್ತರದ ಗಿಡ TT ಆಗಿರಬಹುದು, Tt ಕೂಡ ಆಗಿರಬಹುದು. ಹೊರಗಿನಿಂದ ನೋಡಿದವರಿಗೆ ಎರಡೂ ಒಂದೇ. ಗಿಡ್ಡ ಗಿಡ ಮಾತ್ರ tt ಆಗಿರಲೇಬೇಕು. ಎತ್ತರದ ಗಿಡ ಶುದ್ಧ ತಳಿಯದು, ಅಂದರೆ TT ಆಗಿದ್ದರೆ ಪ್ರತಿಯೊಂದು ಸಂತತಿಗೂ ಅದರಿಂದ ಒಂದು T ಸಿಕ್ಕೇ ಸಿಗುತ್ತದೆ, ಎಲ್ಲವೂ ಎತ್ತರ, ಉತ್ತರ 100. ಅದು Tt ಆಗಿದ್ದರೆ ಅರ್ಧಕ್ಕೆ T, ಅರ್ಧಕ್ಕೆ t ಸಿಕ್ಕು ಉತ್ತರ 50. ಆದ್ದರಿಂದ ನಾನೂ ಮೊದಲನೆಯವನೂ ಇಬ್ಬರೂ ಸರಿಯಾಗಿದ್ದೆವು. ಇಬ್ಬರೂ ಸರಿಯಾಗಿರುವ ಜಗಳವು ಒಬ್ಬನು ತಪ್ಪಾಗಿರುವ ಜಗಳಕ್ಕಿಂತ ಬಹಳ ಹೊತ್ತು ನಡೆಯುತ್ತದೆ.

75 ಎಂದವನ ಕಥೆ ಬೇರೆ. ಅವನು ಪ್ರಶ್ನೆಯನ್ನು ಓದಿರಲಿಲ್ಲ, ಬಟಾಣಿ ಗಿಡವನ್ನು ಕಂಡೊಡನೆ ಮೂರಕ್ಕೆ ಒಂದು ಎಂಬ ಅನುಪಾತವನ್ನು ಹೊರಕ್ಕೆ ತೆಗೆದಿದ್ದನು. ಆ ಅನುಪಾತ ಬರುವುದು ಎರಡು Tt ಗಿಡಗಳನ್ನು ಸೇರಿಸಿದಾಗ. ಮೆಂಡೆಲ್ 1866ರಲ್ಲಿ ಪ್ರಕಟಿಸಿದ ಪ್ರಬಂಧದಲ್ಲಿ ಎರಡನೆಯ ಪೀಳಿಗೆಯ 1064 ಗಿಡಗಳಲ್ಲಿ 787 ಎತ್ತರ, 277 ಗಿಡ್ಡ ಎಂದಿದೆ. ಭಾಗಿಸಿದರೆ ಸುಮಾರು 2.84ಕ್ಕೆ 1. ಮೆಂಡೆಲನ ಗಿಡಗಳಿಗೇ ನಿಖರವಾಗಿ 3ಕ್ಕೆ 1 ಎಂದು ಬರಲಾಗಲಿಲ್ಲ, ನಮ್ಮ ಮೂರನೆಯವನಿಗೆ ಮಾತ್ರ ಗಿಡ್ಡ ಗಿಡವನ್ನು ಎದುರಿಗಿಟ್ಟರೂ ಅದು ಬಂದುಬಿಟ್ಟಿತು.

ಇಲ್ಲಿ ನನ್ನದೊಂದು ಅಭಿಪ್ರಾಯ. ಆ ದಿನ ನಾವು ಬಿಡಿಸಿದ ಎಲ್ಲ ಪ್ರಶ್ನೆಗಳಲ್ಲಿ ಅತಿ ಹೆಚ್ಚು ಕಲಿಸಿದ್ದು ಈ ಕೆಟ್ಟ ಪ್ರಶ್ನೆಯೇ. ಅದನ್ನು ರಿಪೇರಿ ಮಾಡಲು ಕುಳಿತಾಗ ‘ಶುದ್ಧ ತಳಿಯ’ ಎಂಬ ಪದಗಳನ್ನು ಮರಳಿ ಸೇರಿಸಿದರೆ ಸಾಕೆಂದು ಎರಡನೆಯವಳು ಹೇಳಿದಳು. ಸಾಕಾಗುತ್ತಿತ್ತು, ಆದರೆ ಆಗ ಅದು ಬರಿಯ ನೆನಪಿನ ಪ್ರಶ್ನೆಯಾಗುತ್ತಿತ್ತು. ಅದರ ಬದಲು ನಾವು ಪ್ರಶ್ನೆಯನ್ನೇ ತಿರುಗಿಸಿದೆವು: ಒಂದು ಎತ್ತರದ ಗಿಡವನ್ನು ಗಿಡ್ಡ ಗಿಡದೊಡನೆ ಸಂಕರಿಸಿದಾಗ ಸಂತತಿಯಲ್ಲಿ ಸುಮಾರು ಅರ್ಧ ಎತ್ತರ, ಅರ್ಧ ಗಿಡ್ಡ ಗಿಡಗಳು ಬಂದವು, ಆ ಎತ್ತರದ ಗಿಡ TT ಯೋ, Tt ಯೋ? ಈಗ ಉತ್ತರ ಒಂದೇ, Tt. ಅನುಪಾತವನ್ನು ಬಾಯಿಪಾಠ ಮಾಡಿದವನಿಗೆ ಅದರಿಂದ ಪ್ರಯೋಜನವಿಲ್ಲ, ಗಿಡ್ಡ ಸಂತತಿಗೆ ಎರಡನೆಯ t ಎಲ್ಲಿಂದ ಬಂದಿತೆಂದು ಯೋಚಿಸಿದವನಿಗೆ ಮಾತ್ರ ಅದು ಸಿಗುತ್ತದೆ. ಎತ್ತರದ ಗಿಡದ ಒಳಗುಟ್ಟನ್ನು ಹೀಗೆ ಗಿಡ್ಡ ಗಿಡದ ಮೂಲಕ ಹೊರಡಿಸುವುದಕ್ಕೆ ಪರೀಕ್ಷಾ ಸಂಕರಣವೆಂದೇ ಹೆಸರಿದೆ. ಅದು ಎರಡನೆಯವಳ ಘಟಕದಲ್ಲಿ ಮುಂದಿನ ಪುಟದಲ್ಲಿತ್ತು, ಆದರೆ ಹತ್ತು ಪ್ರಶ್ನೆಗಳು ಅದಕ್ಕೆ ಮೊದಲೇ ತುಂಬಿದ್ದರಿಂದ ಅವಳು ಆ ಪುಟವನ್ನು ತಿರುವಿರಲಿಲ್ಲ.

ಮೂರನೆಯವನು ಪ್ರಶ್ನೆಗಳನ್ನು ಬರೆದದ್ದು ಸಭೆಗೆ ಬರುವ ಹಾದಿಯಲ್ಲಿ. ಹತ್ತನೆಯ ಪ್ರಶ್ನೆಗೆ ಏನೂ ಹೊಳೆಯದೆ ಸುಮ್ಮನೆ ಸಂಖ್ಯೆ ಭರ್ತಿ ಮಾಡಲು ‘ಹಸಿರು ಸಸ್ಯಗಳು ಯಾವಾಗ ಉಸಿರಾಡುತ್ತವೆ?’ ಎಂದು ಬರೆದು, ಹಗಲು ಮಾತ್ರ, ರಾತ್ರಿ ಮಾತ್ರ, ಹಗಲೂ ರಾತ್ರಿಯೂ, ಉಸಿರಾಡುವುದೇ ಇಲ್ಲ ಎಂಬ ನಾಲ್ಕು ಆಯ್ಕೆಗಳನ್ನು ಕೊಟ್ಟಿದ್ದನು. ಇಷ್ಟು ಸುಲಭವಾದದ್ದನ್ನು ಕೇಳಿದ್ದಕ್ಕೆ ಅವನೇ ಮುಂಚಿತವಾಗಿ ಕ್ಷಮೆ ಕೇಳಿದನು. ನಾಲ್ವರಲ್ಲಿ ಮೂವರು ‘ರಾತ್ರಿ ಮಾತ್ರ’ ಎಂದು ಗುರುತು ಹಾಕಿದ್ದರು. ಹಗಲಿನಲ್ಲಿ ಸಸ್ಯ ಇಂಗಾಲದ ಡೈಆಕ್ಸೈಡನ್ನು ತೆಗೆದುಕೊಂಡು ಆಮ್ಲಜನಕವನ್ನು ಬಿಡುತ್ತದೆ, ರಾತ್ರಿ ಅದಕ್ಕೆ ತದ್ವಿರುದ್ಧ ಎಂದು ಚಿಕ್ಕ ತರಗತಿಯಲ್ಲಿ ಕಲಿತದ್ದು ಮೂವರ ತಲೆಯಲ್ಲಿಯೂ ಹಾಗೆಯೇ ಕುಳಿತಿತ್ತು.

ನಿಜ ಸಂಗತಿಯೆಂದರೆ ಸಸ್ಯದ ಜೀವಕೋಶಗಳು ಹಗಲೂ ರಾತ್ರಿಯೂ ಉಸಿರಾಡುತ್ತಲೇ ಇರುತ್ತವೆ, ಶಕ್ತಿಯಿಲ್ಲದೆ ಅವು ಬದುಕಲಾರವು. ಬೆಳಕು ಚೆನ್ನಾಗಿರುವಾಗ ದ್ಯುತಿಸಂಶ್ಲೇಷಣೆಯ ವೇಗ ಉಸಿರಾಟದ ವೇಗವನ್ನು ಬಹುವಾಗಿ ಮೀರುತ್ತದೆ. ಉಸಿರಾಟದಿಂದ ಹೊರಟ ಇಂಗಾಲದ ಡೈಆಕ್ಸೈಡ್ ಎಲೆಯೊಳಗೇ ಬಳಕೆಯಾಗಿ ಹೋಗುವುದರಿಂದ ಹೊರಗಿನ ಲೆಕ್ಕದಲ್ಲಿ ಆಮ್ಲಜನಕ ಮಾತ್ರ ಕಾಣಿಸುತ್ತದೆ. ಕಾಣಿಸದ್ದನ್ನು ಇಲ್ಲವೆಂದುಕೊಂಡದ್ದೇ ಮೂವರ ತಪ್ಪು. ಮೂರನೆಯವನು ಹಾದಿಯಲ್ಲಿ ಗೀಚಿದ ‘ರಾತ್ರಿ ಮಾತ್ರ’ ಎಂಬ ಆಯ್ಕೆ, ಮೊದಲನೆಯವನು ಬಹಳ ಹೊತ್ತು ಕುಳಿತು ಬರೆದ ಮೂವತ್ತು ತಪ್ಪು ಆಯ್ಕೆಗಳಿಗಿಂತ ಬೆಲೆಬಾಳುವುದಾಗಿತ್ತು, ಏಕೆಂದರೆ ಓದಿದವರು ನಿಜವಾಗಿಯೂ ಮಾಡುವ ತಪ್ಪು ಅದರಲ್ಲಿ ಇತ್ತು. ಒಳ್ಳೆಯ ತಪ್ಪು ಆಯ್ಕೆ ಸಿಗುವುದು ಕಲ್ಪನೆಯಿಂದಲ್ಲ, ಹಿಂದಿನ ಕಿರುಪರೀಕ್ಷೆಗಳಲ್ಲಿ ನಮ್ಮ ಉತ್ತರಗಳ ಮೇಲೆ ಬಿದ್ದ ಕೆಂಪು ಗೆರೆಗಳಿಂದ. ಈ ಮಾತನ್ನು ಮೂರನೆಯವನಿಗೆ ಹೇಳಿದೆವು. ಅಂದಿನಿಂದ ಅವನು ತನ್ನ ಸೋಮಾರಿತನಕ್ಕೆ ಇದನ್ನೇ ಆಧಾರವಾಗಿ ಉಲ್ಲೇಖಿಸುತ್ತಾನೆ.

ನಾಲ್ಕನೆಯವನ ಬಗ್ಗೆ ಹೆಚ್ಚು ಹೇಳಬೇಕಾಗಿಲ್ಲ. ಪ್ರಶ್ನೆ ಬರೆಯುವ ಅಧಿಕಾರ ಕೆಲವರ ತಲೆಗೆ ಏರುತ್ತದೆ. ಗೆಳೆಯರು ಕಲಿಯಬೇಕೆಂಬ ಆಸೆಗಿಂತ ಗೆಳೆಯರು ಸೋಲಬೇಕೆಂಬ ಆಸೆ ಬಲವಾಗುತ್ತದೆ. ಅವನ ಪ್ರಶ್ನೆಗಳೆಲ್ಲ ಅಡಿಟಿಪ್ಪಣಿಗಳಿಂದಲೂ ಚಿತ್ರಗಳ ಕೆಳಗಿನ ಸಣ್ಣ ಅಕ್ಷರಗಳಿಂದಲೂ ಹುಟ್ಟಿದವು. ಮಾನವ ದೇಹದ ಅತಿ ಚಿಕ್ಕ ಮೂಳೆ ಕಿವಿಯೊಳಗಿನ ಸ್ಟೇಪಿಸ್ ಎಂಬುದನ್ನು ಕೇಳಿದನು, ಆ ಮೂಳೆ ಅಲ್ಲಿ ಏನು ಮಾಡುತ್ತದೆಂದು ಕೇಳಲಿಲ್ಲ. ಅವನ ಶಿಖರಪ್ರಾಯವಾದ ಪ್ರಶ್ನೆ ಇದು: ‘ಕೆಳಗಿನವುಗಳಲ್ಲಿ ಯಾವುದು ಹೃದಯದ ಎಡಭಾಗಕ್ಕೆ ಸಂಬಂಧಿಸದೆ ಇರುವುದಲ್ಲ?’ ನಾವು ನಾಲ್ವರೂ ಹೃದಯವನ್ನು ಬಿಟ್ಟು ವ್ಯಾಕರಣಕ್ಕೆ ಬಿದ್ದೆವು. ‘ಸಂಬಂಧಿಸದೆ’ ಎಂಬುದು ಒಂದು ನಿಷೇಧ, ‘ಅಲ್ಲ’ ಎಂಬುದು ಇನ್ನೊಂದು, ಎರಡೂ ಸೇರಿ ಸಂಬಂಧಿಸಿದ್ದೆಂದಾಯಿತು ಎಂದು ಎರಡನೆಯವಳು ಬೀಜಗಣಿತದಿಂದ ಸಾಧಿಸುವಷ್ಟರಲ್ಲಿ, ಉತ್ತರದ ಹಾಳೆಯನ್ನು ನೋಡಿಕೊಂಡ ನಾಲ್ಕನೆಯವನಿಗೇ ತಾನು ಕೇಳಿದ್ದೇನೆಂದು ಅನುಮಾನ ಬಂದಿತು. ಅವನು ಗುರುತು ಹಾಕಿದ್ದ ಉತ್ತರ ಬಲ ಹೃತ್ಕರ್ಣ. ತನ್ನ ಬಲೆಯಲ್ಲಿ ತಾನೇ ಬಿದ್ದವನನ್ನು ಎಬ್ಬಿಸಲು ಯಾರೂ ಅವಸರಪಡಲಿಲ್ಲ.

ಪ್ರಶ್ನೆಗಳ ಗುಣ ಹೀಗಿದ್ದರೂ ನಡೆಸುವ ಕ್ರಮ ಸರಿಯಿದ್ದಿದ್ದರೆ ಇನ್ನಷ್ಟು ಲಾಭವಾಗುತ್ತಿತ್ತು. ನಾವು ಮಾಡಿದ್ದು ಎಲ್ಲ ಗುಂಪುಗಳೂ ಮಾಡುವುದನ್ನೇ: ಒಬ್ಬನು ಪ್ರಶ್ನೆಯನ್ನು ಗಟ್ಟಿಯಾಗಿ ಓದುವುದು, ಗೊತ್ತಿದ್ದವನು ಉತ್ತರವನ್ನು ಕೂಗುವುದು, ಉಳಿದವರು ತಲೆದೂಗಿ “ಹೌದು ಹೌದು, ನಾನೂ ಅದನ್ನೇ ಅಂದುಕೊಂಡಿದ್ದೆ” ಎನ್ನುವುದು. ಹೀಗೆ ಅಂದುಕೊಂಡದ್ದಕ್ಕೆ ಸಾಕ್ಷಿಯಿರುವುದಿಲ್ಲ. ಬೇರೆಯವರ ಬಾಯಿಂದ ಉತ್ತರವನ್ನು ಕೇಳಿದ ಕ್ಷಣದಲ್ಲಿ ಅದು ನಮಗೆ ಮೊದಲೇ ಗೊತ್ತಿತ್ತೆಂಬ ನಂಬಿಕೆ ಎಷ್ಟು ಪ್ರಾಮಾಣಿಕವಾಗಿ ಹುಟ್ಟುತ್ತದೆಂದರೆ ಅದನ್ನು ಸುಳ್ಳೆಂದು ಕರೆಯಲು ನನಗೆ ಮನಸ್ಸಿಲ್ಲ. ಆದರೆ ಪರೀಕ್ಷೆಯ ಕೊಠಡಿಯಲ್ಲಿ ಮೊದಲು ಕೂಗುವವನು ಪಕ್ಕದಲ್ಲಿರುವುದಿಲ್ಲ.

ರೋಡಿಗರ್ ಮತ್ತು ಕಾರ್ಪಿಕಿ ಎಂಬ ಮನೋವಿಜ್ಞಾನಿಗಳು 2006ರಲ್ಲಿ ಪ್ರಕಟಿಸಿದ ಪ್ರಯೋಗದಲ್ಲಿ ವಿದ್ಯಾರ್ಥಿಗಳು ಎರಡು ಗದ್ಯಭಾಗಗಳನ್ನು ಓದಿದ ಮೇಲೆ, ಒಂದನ್ನು ಮತ್ತೆ ಓದಿದರು, ಇನ್ನೊಂದರಲ್ಲಿ ಹಾಳೆ ಮುಚ್ಚಿ ನೆನಪಿದ್ದಷ್ಟನ್ನು ಬರೆದರು. 5 ನಿಮಿಷದ ನಂತರ ಕೇಳಿದಾಗ ಮತ್ತೆ ಓದಿದ್ದೇ ಮೇಲಾಗಿ ಕಂಡಿತು. 2 ದಿನ ಮತ್ತು 1 ವಾರದ ನಂತರ ಕೇಳಿದಾಗ ನೆನಪಿನಿಂದ ಬರೆದದ್ದು ಹೆಚ್ಚು ಉಳಿದಿತ್ತು. ತಲೆದೂಗುವುದು ಮತ್ತೆ ಓದುವುದರ ಇನ್ನೂ ಸೋಮಾರಿಯಾದ ರೂಪ. ಆದ್ದರಿಂದ ಎರಡನೆಯ ಸಭೆಯಲ್ಲಿ ಒಂದು ನಿಯಮ ಬಂದಿತು: ಪ್ರಶ್ನೆ ಓದಿದ ಮೇಲೆ ಯಾರೂ ಮಾತಾಡಕೂಡದು, ಪುಸ್ತಕ ಮುಚ್ಚಿ ಪ್ರತಿಯೊಬ್ಬರೂ ತಮ್ಮ ಹಾಳೆಯಲ್ಲಿ ಉತ್ತರದ ಅಕ್ಷರವನ್ನೂ ಒಂದು ಸಾಲಿನ ಕಾರಣವನ್ನೂ ಬರೆಯಬೇಕು, ಆಮೇಲೆ ಎಲ್ಲರೂ ಒಟ್ಟಿಗೆ ಹಾಳೆಗಳನ್ನು ತಿರುಗಿಸಬೇಕು. ಒಂದೇ ಉತ್ತರ ಬಂದರೆ ಮುಂದಕ್ಕೆ. ಬೇರೆ ಬೇರೆ ಬಂದರೆ ಚರ್ಚೆ. ಈ ಮೌನ ಅಸಹನೀಯವಾಗಿತ್ತು. ಕೂಗುವುದರಲ್ಲಿ ಅಗ್ರಗಣ್ಯನಾಗಿದ್ದ ಮೊದಲನೆಯವನ ಹಾಳೆಯನ್ನು ತಿರುಗಿಸಿದಾಗ ಅನೇಕ ಕಡೆ ಅಕ್ಷರವಿತ್ತು, ಕಾರಣದ ಜಾಗ ಖಾಲಿಯಾಗಿತ್ತು.

ನನ್ನ ಐದನೆಯ ಘಟಕದ ದುರಂತಕ್ಕೆ ಕಾರಣ ಬರಿಯ ಕ್ರಮಸಂಖ್ಯೆ. ಮೊದಲ ಸಭೆಯಲ್ಲಿ ಘಟಕಗಳನ್ನು ಒಂದರಿಂದ ಐದರವರೆಗೆ ವರಸೆಯಾಗಿ ತೆಗೆದುಕೊಂಡೆವು, ಬಟಾಣಿಯ ಜಗಳ ಮತ್ತು ಹೃದಯದ ವ್ಯಾಕರಣ ಮುಗಿಯುವಾಗ ಎಲ್ಲರೂ ಚೀಲ ಕಟ್ಟುತ್ತಿದ್ದರು. ಉತ್ಪಾದಕರಲ್ಲಿ 10,000 ಜೂಲ್ ಶಕ್ತಿಯಿದ್ದರೆ ಪ್ರತಿ ಹಂತದಲ್ಲಿ ಹತ್ತನೆಯ ಒಂದು ಭಾಗ ಮಾತ್ರ ಮುಂದಕ್ಕೆ ಹೋಗುತ್ತದೆಂದು ಭಾವಿಸಿ ಮೂರನೆಯ ಹಂತದ ಭಕ್ಷಕನಿಗೆ ಎಷ್ಟು ಸಿಗುತ್ತದೆಂಬ ನನ್ನ ಪ್ರಶ್ನೆಗೆ 1,000, 100, 10 ಎಂದು ಇಳಿಯಬೇಕಾದ ಲೆಕ್ಕವನ್ನು ನಿಂತಲ್ಲೇ ಕೇಳಿಸಿಕೊಂಡರು. ಸಭೆಯಲ್ಲಿ ಉಳಿದಿದ್ದ ಶಕ್ತಿಯೂ ಸುಮಾರು ಅಷ್ಟೇ ಆಗಿತ್ತು. ಎರಡನೆಯ ಸಭೆಗೆ ಪ್ರಶ್ನೆಗಳನ್ನು ಒಂದೊಂದು ಚೀಟಿಯಲ್ಲಿ ಬರೆದು, ಎಲ್ಲವನ್ನೂ ಒಟ್ಟು ಕಲಸಿ, ಕೈಗೆ ಬಂದದ್ದನ್ನು ತೆಗೆಯುವಂತೆ ಮಾಡಿದೆವು. ಇದರಿಂದ ನನ್ನ ಘಟಕಕ್ಕೆ ನ್ಯಾಯ ಸಿಕ್ಕಿತು, ಅದಕ್ಕಿಂತ ಮುಖ್ಯವಾಗಿ ಪ್ರಶ್ನೆ ಯಾವ ಘಟಕದ್ದೆಂದು ಮುಂಚಿತವಾಗಿ ತಿಳಿಯುವ ಸುಖ ಎಲ್ಲರಿಗೂ ತಪ್ಪಿತು. ಎರಡನೆಯವಳು ತಾನೇ ಬರೆದ ಪ್ರಶ್ನೆಯನ್ನು ತೆಗೆದು, ಇದು ಯಾರ ಬುದ್ಧಿವಂತಿಕೆಯೆಂದು ಗೊಣಗಿ, ತಪ್ಪು ಉತ್ತರವನ್ನು ಬರೆದಳು.

ಚೀಟಿಯ ಹಿಂಬದಿಯಲ್ಲಿ ಉತ್ತರ, ಪುಟಸಂಖ್ಯೆ ಮತ್ತು ಪ್ರತಿಯೊಂದು ತಪ್ಪು ಆಯ್ಕೆ ಏಕೆ ತಪ್ಪೆಂಬ ಒಂದು ಸಾಲು ಇರಬೇಕೆಂದೂ, ಸಭೆಗೆ ಮೊದಲು ಪಕ್ಕದ ಘಟಕದವರೊಬ್ಬರು ಪುಸ್ತಕ ತೆರೆದಿಟ್ಟುಕೊಂಡು ಅದನ್ನು ಒಮ್ಮೆ ಬಿಡಿಸಿ ನೋಡಬೇಕೆಂದೂ ನಿಶ್ಚಯವಾಯಿತು. ಬಟಾಣಿಯಂಥ ಪ್ರಶ್ನೆ ಇದ್ದರೆ ಅದು ಅಲ್ಲಿಯೇ ಸಿಕ್ಕಿಬೀಳುತ್ತದೆ, ಏಕೆಂದರೆ ಬರೆದವನಿಗೆ ಕಾಣದ ಎರಡನೆಯ ಉತ್ತರ ಓದುವವನ ಕಣ್ಣಿಗೆ ಮೊದಲು ಬೀಳುತ್ತದೆ. ಪ್ರತಿ ಘಟಕಕ್ಕೂ ಹತ್ತೇ ಪ್ರಶ್ನೆ ಎಂಬ ಸಮಾನತೆಯನ್ನೂ ಬಿಟ್ಟು, ಪತ್ರಿಕೆಯಲ್ಲಿ ಆ ಘಟಕಕ್ಕಿರುವ ಅಂಕಗಳ ಪ್ರಮಾಣದಲ್ಲಿ ಹಂಚಿಕೊಂಡೆವು. ಇದಕ್ಕೆ ನಾಲ್ಕನೆಯವನು ಮಾತ್ರ ವಿರೋಧಿಸಿದನು, ಅತಿ ಹೆಚ್ಚು ಅಂಕಗಳು ಮಾನವ ಶರೀರಕ್ಕೇ ಇದ್ದವು.

ಕೊನೆಗೆ ಬಂದ ಸಲಹೆ ಎರಡನೆಯವಳದು, ತರ್ಕದಲ್ಲಿ ಅದಕ್ಕೆ ಎದುರಿಲ್ಲ. ಪ್ರಶ್ನೆ ಬರೆದವನೇ ಆ ಘಟಕವನ್ನು ಹೆಚ್ಚು ಕಲಿಯುವುದಾದರೆ, ಮುಂದಿನ ಸುತ್ತಿನಲ್ಲಿ ಪ್ರತಿಯೊಬ್ಬರೂ ತಮಗೆ ಅತಿ ಕಡಿಮೆ ಗೊತ್ತಿರುವ ಘಟಕವನ್ನು ವಹಿಸಿಕೊಳ್ಳಬೇಕು. ಎಲ್ಲರೂ ಕೂಡಲೇ ಒಪ್ಪಿದರು. ಆದರೆ ಪುಸ್ತಕದಲ್ಲಿ ಅತಿ ಕಡಿಮೆ ಪುಟಗಳಿರುವುದು ಪರಿಸರದ ಘಟಕಕ್ಕೆ, ಅದರ ವಿಷಯದಲ್ಲಿ ತನ್ನಷ್ಟು ಅಜ್ಞಾನಿ ಇನ್ನೊಬ್ಬರಿಲ್ಲವೆಂದು ನಾಲ್ವರೂ ಒಟ್ಟಿಗೆ ವಾದಿಸತೊಡಗಿದರು. ಅದನ್ನು ಈಗಾಗಲೇ ಬರೆದಿರುವ ನಾನೂ ಆ ಸ್ಪರ್ಧೆಯಿಂದ ಹಿಂದೆ ಸರಿದಿಲ್ಲ, ಹಂಚಿಕೆ ಇನ್ನೂ ಆಗಿಲ್ಲ.